ಕೊಬ್ಬರಿಯ ಮುಂದೆ ನಾನು ಸೇರಿಸಿದ ಪದ

ತಿಪಟೂರಿನಲ್ಲಿ ನಾನು ಹದಿನಾಲ್ಕು ವರ್ಷ ಒಂದು ಪ್ರೆಸ್ಸಿನಲ್ಲಿ ಕೂತು ಕನ್ನಡ ಟೈಪ್ ಮಾಡಿದೆ. ಲಗ್ನಪತ್ರಿಕೆ, ಮಂಡಿ ವರ್ತಕರ ಬಿಲ್ ಪುಸ್ತಕ, ತಿಥಿ ಕಾರ್ಡು, ಶಾಲೆಗಳ ಕರಪತ್ರ, ಆಮೇಲಾಮೇಲೆ ಫ್ಲೆಕ್ಸು. ಹುಟ್ಟಿದ್ದು ತುರುವೇಕೆರೆ, ಮದುವೆಯಾಗಿ ಬಂದದ್ದು ಇಲ್ಲಿಗೆ. ಪ್ರೆಸ್ಸು ಮುಚ್ಚಿದ ಮೇಲೆ ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಅದೇ ಕೆಲಸ ಮುಂದುವರಿಸಿದ್ದೆ. ನನಗೆ ಅನುವಾದದ ಕೆಲಸ ಸಿಕ್ಕಿದ್ದು ಒಂದು ತಪ್ಪಿನಿಂದ. ಆ ತಪ್ಪು ನನ್ನದಲ್ಲ, ಬೇರೆಯವರದು. ನನ್ನ ತಪ್ಪು ಆಮೇಲೆ ಬಂತು.

ಮನೆಬಳಕೆ ಸಾಮಾನಿನ ಅಂಗಡಿಯ ಯಜಮಾನರೊಬ್ಬರು ಪ್ರೆಸ್ಸಿನ ಕಾಲದಿಂದ ಪರಿಚಯ. ಒಂದು ದಿನ ಅವರು ಮೊಬೈಲಿನಲ್ಲಿ ಒಂದು ಕರಪತ್ರ ತೋರಿಸಿದರು. ಅವರು ಮಾರುವ ಒಂದು ಕಂಪನಿಯ ಮಿಕ್ಸಿಯದು. ಬೆಂಗಳೂರಿನ ಜಾಹೀರಾತು ಏಜೆನ್ಸಿಯಿಂದ ಕನ್ನಡದಲ್ಲಿ ಬಂದಿತ್ತು.

"ಓದಿ ನೋಡಿ ಮೇಡಂ. ಇದನ್ನ ಅಂಗಡಿ ಮುಂದೆ ಹಂಚಿದ್ರೆ ಜನ ಏನಂತಾರೆ?"

'ಒಣ ತೆಂಗಿನಕಾಯಿಯ ಶುಷ್ಕ ರುಬ್ಬುವಿಕೆ ಈಗ ಸುಲಭ' ಎಂದಿತ್ತು. ನಾನು ನಕ್ಕುಬಿಟ್ಟೆ. ರುಬ್ಬುವುದು ನೀರು ಹಾಕಿ. ನೀರಿಲ್ಲದ್ದು ಪುಡಿ ಮಾಡುವುದು. ಇನ್ನು ಒಣ ತೆಂಗಿನಕಾಯಿ! ಊರಿಗೆ ಊರೇ ಕೊಬ್ಬರಿಯ ಮೇಲೆ ನಿಂತಿರುವಾಗ, ಮಂಡಿಯಲ್ಲಿ ದಿನಬೆಳಗಾದರೆ ಕೊಬ್ಬರಿ ಹರಾಜು ಕೂಗುವಾಗ, ಈ ಮಾತು ಯಾರಿಗೆ ಬೇಕು? ಅಲ್ಲೇ ನಿಂತು ನಾಲ್ಕು ಸಾಲು ತಿದ್ದಿಕೊಟ್ಟೆ. ಯಜಮಾನರು ಅದನ್ನು ಏಜೆನ್ಸಿಗೆ ಕಳಿಸಿದರು. ಎರಡು ದಿನ ಬಿಟ್ಟು ಆ ಕಡೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು.

"ಮ್ಯಾಮ್, ನಮಗೆ ನಿಮ್ಮ ಥರ ಲೋಕಲ್ ಕನ್ನಡ ಬರೆಯೋರು ಬೇಕು. ಸ್ಮಾಲ್ ಟೌನ್ ಬೈಯರ್ಸ್‌ಗೆ ಅಂತಾನೇ ಈ ಕ್ಯಾಂಪೇನು. ಮಾಡ್ತೀರಾ?"

ಮಾಡುತ್ತೇನೆಂದೆ. ಮಾತಿನಲ್ಲಿ ಮೆದು, ಕೆಲಸದಲ್ಲಿ ಚುರುಕು ಆ ಹುಡುಗಿ. ಅವಳೇ ನನಗೆ ಕೆಲಸ ಕಲಿಸಿದವಳು. ಒಂದು ಶೀಟು ಬರುತ್ತಿತ್ತು. ಎಡಗಡೆ ಇಂಗ್ಲಿಷ್ ಸಾಲು, ಪಕ್ಕದಲ್ಲಿ ನಾನು ಬರೆಯಬೇಕಾದ ಕನ್ನಡ, ಅದರ ಪಕ್ಕದಲ್ಲಿ ಎಷ್ಟು ಅಕ್ಷರ ಮೀರಬಾರದೆಂಬ ಅಂಕಿ. ನಾನು ಬರೆದ ಕನ್ನಡವನ್ನು ಇನ್ಯಾರೋ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಕೊನೆಯ ಕಾಲಮ್ಮಿನಲ್ಲಿ ಹಾಕುತ್ತಿದ್ದರು, ಅದಕ್ಕೆ ಬ್ಯಾಕ್ ಟ್ರಾನ್ಸ್‌ಲೇಶನ್ ಎನ್ನುತ್ತಿದ್ದರು. ಕನ್ನಡ ಬಾರದ ಕಂಪನಿಯವರು ಅದನ್ನು ನೋಡಿ ಒಪ್ಪಿಗೆ ಕೊಡುತ್ತಿದ್ದರು. ಮೊಬೈಲಿಗೆ ಹೋಗುವ ಮೆಸೇಜುಗಳದ್ದು ಬೇರೆಯೇ ಕಾಟ. ಇಂಗ್ಲಿಷಿನಲ್ಲಾದರೆ ಒಂದು ಮೆಸೇಜಿಗೆ ನೂರ ಅರವತ್ತು ಅಕ್ಷರ, ಕನ್ನಡದಲ್ಲಿ ಎಪ್ಪತ್ತೇ. ಅದರಲ್ಲೂ ಒತ್ತು, ಕೊಂಬು, ಗುಡಿಸು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ ಆ ಯಂತ್ರ. ನಮ್ಮ ಕಣ್ಣಿಗೆ ಒಂದೇ ಆದ 'ಕ್ಕೆ' ಅದಕ್ಕೆ ನಾಲ್ಕು. ಎಪ್ಪತ್ತು ದಾಟಿದರೆ ಎರಡು ಮೆಸೇಜಿನ ಲೆಕ್ಕ. ಹಾಗಾಗಿ ಕತ್ತರಿಸುವುದೇ ಕೆಲಸದ ಅರ್ಧ ಭಾಗ ಎಂದು ಬೇಗ ಗೊತ್ತಾಯಿತು.

ಮಿಕ್ಸಿಯ ಶೀಟಿನಲ್ಲಿ ಒಂದು ಸಾಲು ಹೀಗಿತ್ತು: 'ಡ್ರೈ ಕೋಕನಟ್, ಪೌಡರ್ಡ್ ಇನ್ ಸೆಕೆಂಡ್ಸ್'. ಸಾಲಿನ ಕೊನೆಯಲ್ಲಿ ಒಂದು ನಕ್ಷತ್ರದ ಗುರುತು. ಶೀಟಿನ ಕೆಳಗೆ ಆ ನಕ್ಷತ್ರದ ವಿವರಣೆ ಸಣ್ಣ ಅಕ್ಷರದಲ್ಲಿ: ಚಿಕ್ಕ ತುಂಡು ಮಾಡಿ ಹಾಕಿ, ಜಾರಿನ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಅದರ ಮುಂದೆ 'ಜಾಗ ಇದ್ದರೆ' ಎಂದು ಯಾರೋ ಬರೆದಿದ್ದರು.

ನಾನು ಬರೆದದ್ದು: 'ಗಟ್ಟಿ ಕೊಬ್ಬರಿಯೂ ಗಳಿಗೆಯಲ್ಲಿ ಪುಡಿ!'

ಬರೆದು ಮೂರು ಸಲ ಬಾಯಿಬಿಟ್ಟು ಓದಿಕೊಂಡೆ. ಕಿವಿಗೆ ಹಿತವಾಗಿತ್ತು. ಗಟ್ಟಿ ಎಂಬುದು ಇಂಗ್ಲಿಷಿನಲ್ಲಿ ಇರಲಿಲ್ಲ. ಗಳಿಗೆಯ ಜೊತೆಗೆ ಚೆಂದ ಕೂರುತ್ತದೆಂದು ನಾನೇ ತಂದು ಕೂರಿಸಿದ್ದು. ಕರಪತ್ರ ವಿನ್ಯಾಸ ಮಾಡುವವರಿಂದ ಆಮೇಲೆ ಮಾತು ಬಂತು, ಕನ್ನಡ ಎರಡು ಸಾಲು ಹೆಚ್ಚಾಗುತ್ತಿದೆ, ಏನಾದರೂ ತೆಗೆಯಿರಿ ಎಂದು. ನಾನು ಒಂದು ಕ್ಷಣವೂ ಯೋಚಿಸದೆ ನಕ್ಷತ್ರವನ್ನೂ ಅದರ ವಿವರಣೆಯನ್ನೂ ತೆಗೆದೆ. ಸಣ್ಣ ಅಕ್ಷರ ಯಾರು ಓದುತ್ತಾರೆ ಎಂದುಕೊಂಡೆ. ಕರಪತ್ರದ ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ. ಇಂಗ್ಲಿಷಿನ ಬದಿಯಲ್ಲಿ ನಕ್ಷತ್ರ ಹಾಗೇ ಉಳಿಯಿತು.

ಕರಪತ್ರ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆ ಹಂಚಿಕೆಯಾಯಿತು. ಆಟೋಗೆ ಮೈಕು ಕಟ್ಟಿ ಸಂತೆಗಳಲ್ಲಿ ಕೂಗಿಸಿದರು. ಅಮ್ಮಸಂದ್ರದ ಬಸ್ ನಿಲ್ದಾಣದ ಹತ್ತಿರ ಫ್ಲೆಕ್ಸು ಕಟ್ಟಿದ್ದರಂತೆ, ನನ್ನ ತಮ್ಮ ಫೋಟೋ ತೆಗೆದು ಕಳಿಸಿದ. ಅಷ್ಟು ದೊಡ್ಡ ಅಕ್ಷರದಲ್ಲಿ ನನ್ನ ಸಾಲನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಬರೆದದ್ದೆಲ್ಲ ಬೇರೆಯವರ ಮಾತು, ಇದು ನನ್ನದು ಎನ್ನಿಸಿತು. ಮನೆಯಲ್ಲಿ ಎಲ್ಲರಿಗೂ ತೋರಿಸಿದೆ.

ಒಂದೂವರೆ ತಿಂಗಳಾಗಿರಬೇಕು. ಅಂಗಡಿ ಯಜಮಾನರು ಫೋನ್ ಮಾಡಿ, ಬಿಡುವಿದ್ದರೆ ಬಂದುಹೋಗಿ ಎಂದರು. ದನಿಯಲ್ಲಿ ಎಂದಿನ ಉತ್ಸಾಹವಿರಲಿಲ್ಲ.

ಹೋದಾಗ ಕೌಂಟರಿನ ಮೇಲೆ ಮೂರು ಮಿಕ್ಸಿ ಸಾಲಾಗಿ ಕೂತಿದ್ದವು. ತುಮಕೂರಿನ ಸರ್ವಿಸ್ ಸೆಂಟರಿನಿಂದ ವಾರಕ್ಕೊಮ್ಮೆ ಬರುವ ಮೆಕ್ಯಾನಿಕ್ ಒಂದು ಜಾರನ್ನು ತಲೆಕೆಳಗು ಮಾಡಿ ನೋಡುತ್ತಿದ್ದ. ಪಕ್ಕದ ಸ್ಟೂಲಿನ ಮೇಲೆ ಐವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದರು. ಕಾಲ ಬಳಿ ಬಿಚ್ಚಿಟ್ಟ ಟವೆಲ್ಲು. ಮಿಕ್ಸಿಯನ್ನು ಅದರಲ್ಲೇ ಸುತ್ತಿ, ಎರಡು ಬಸ್ಸು ಬದಲಾಯಿಸಿ, ಹುಳಿಯಾರು ಕಡೆಯ ಒಂದು ಹಟ್ಟಿಯಿಂದ ಬಂದಿದ್ದರು. ಅವರದು ಕುರಿ ಸಾಕುವ ಮನೆತನ.

ಮೆಕ್ಯಾನಿಕ್ ಮಿಕ್ಸಿಯನ್ನು ಮಗುಚಿ ತಳದಲ್ಲಿದ್ದ ಒಂದು ಕೆಂಪು ಗುಂಡಿ ಒತ್ತಿದ. ಸ್ವಿಚ್ ಹಾಕಿದ. ಮೋಟರು ತಿರುಗಿತು.

"ಮೋಟರ್‌ಗೆ ಏನಾಗಿಲ್ಲ. ಲೋಡ್ ಜಾಸ್ತಿ ಆದ್ರೆ ತಾನಾಗೇ ಆಫ್ ಆಯ್ತದೆ, ಈ ಗುಂಡಿ ಒತ್ತಿದ್ರೆ ಮತ್ತೆ ಬತ್ತದೆ. ಆದ್ರೆ ಜಾರ್ ಹೋಗಿದೆ. ಬ್ಲೇಡ್ ಬಗ್ಗೋಗಿದೆ, ಕೆಳಗಡೆ ಮೋಟರ್‌ಗೆ ಕಚ್ಕೊಳೋ ಹಲ್ಲು ಸವ್ದೋಗಿದೆ. ಏನ್ ಹಾಕಿದ್ರಮ್ಮ ಇದಕ್ಕೆ?"

"ಕೊಬ್ಬರಿ ಕಣಪ್ಪ."

"ಹೆಂಗ್ ಹಾಕಿದ್ರಿ?"

"ಇಡೀ ಗಿಟುಕ್ನ ಎರಡ್ ಹೋಳ್ ಮಾಡಿ ಹಾಕ್ದೆ."

ಮೆಕ್ಯಾನಿಕ್ ಯಜಮಾನರ ಮುಖ ನೋಡಿದ. "ಇದು ಕಸ್ಟಮರ್ ಮಿಸ್ಟೇಕ್ ಸಾರ್. ವಾರಂಟಿಗೆ ಬರಲ್ಲ. ಆ ಎರಡೂ ಇದೇ ಕೇಸು."

ಆ ಹೆಂಗಸು ಜಗಳಕ್ಕೆ ನಿಲ್ಲಲಿಲ್ಲ. ಕೈಚೀಲದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಕೌಂಟರಿನ ಮೇಲೆ ಹರಡಿದರು. ನನ್ನ ಕರಪತ್ರ. ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಗಟ್ಟಿ... ಕೊಬ್ಬರಿಯೂ... ಗಳಿಗೆಯಲ್ಲಿ... ಪುಡಿ. ಇದ್ರಾಗೆ ಹಂಗೇ ಅಂದೈತಲ್ಲಪ್ಪ. ಗಟ್ಟಿ ಅಂತಾನೇ ಐತೆ. ಮಗಳು ಹೆತ್ತವಳೆ, ಬಾಣಂತಿಗೆ ಕೊಬ್ಬರಿ ಉತ್ತುತ್ತೆ ಉಂಡೆ ಕಟ್ಬೇಕು. ತುರ್ದು ತುರ್ದು ರಟ್ಟೆ ಬಿದ್ದೋಗ್ತವೆ. ಅದ್ಕೇ ತಗಂಡಿದ್ದು."

ಕಾಗದದ ಮಡಿಕೆ ಸವರುತ್ತಾ ಮತ್ತೆ ಅಂದರು. "ದೊಡ್ಡೋಳಾದ ಮ್ಯಾಲೆ ರಾತ್ರಿ ಶಾಲೇಲಿ ಓದೋದ್ ಕಲ್ತೋಳು ನಾನು. ಬಸ್ಸಿನ ಬೋರ್ಡ್ ಓದ್ತೀನಿ, ರೇಷನ್ ಅಂಗ್ಡಿ ಚೀಟಿ ಓದ್ತೀನಿ. ಓದಿ ತಗಂಡ ಮೊದಲ್ನೇ ಸಾಮಾನು ಇದು."

ಯಜಮಾನರು ನನ್ನ ಕಡೆ ನೋಡಲಿಲ್ಲ. ನಾನು ಬರೆದದ್ದೆಂದು ಅವರಿಗೆ ಗೊತ್ತಿತ್ತು. ನನ್ನ ಮರ್ಯಾದೆ ಉಳಿಸಲೆಂದೇ ಅವರು ಫ್ಯಾನಿನ ಡಬ್ಬ ಜೋಡಿಸುವುದರಲ್ಲಿ ಮಗ್ನರಾದರು. ನಾನೂ ಸುಮ್ಮನೆ ನಿಂತಿದ್ದೆ. ಎಷ್ಟು ಹೊತ್ತು ಎಂದು ಈಗ ಹೇಳಲಾರೆ. ಮೆಕ್ಯಾನಿಕ್ ತನ್ನ ಪುಸ್ತಕದಲ್ಲಿ ಕಾರಣದ ಜಾಗದಲ್ಲಿ ಏನೋ ಬರೆದು ಹಾಳೆ ಹರಿಯುವಷ್ಟು ಹೊತ್ತು. ಆ ಹೆಂಗಸು ಹಾಳೆ ತೆಗೆದುಕೊಂಡು ನೋಡಿದರು. ಇಂಗ್ಲಿಷಿನಲ್ಲಿತ್ತು. ನನ್ನ ಕೈಗೆ ಕೊಟ್ಟರು.

"ಏನ್ ಬರ್ದವ್ನೆ ಓದವ್ವ ವಸಿ."

ಗ್ರಾಹಕರ ತಪ್ಪು ಬಳಕೆ ಎಂದಿತ್ತು.

ಆ ಮೂರು ಪದ ಓದಿ ಹೇಳಲು ನನ್ನಿಂದ ಆಗಲಿಲ್ಲ. ಕರಪತ್ರವನ್ನು ತಿರುಗಿಸಿದೆ. ಇಂಗ್ಲಿಷಿನ ಬದಿಯ ಕೆಳಗಡೆ ನಕ್ಷತ್ರವಿತ್ತು.

"ಅಮ್ಮ, ಈ ಕಡೆ ಇಂಗ್ಲಿಷಲ್ಲಿ ಸಣ್ಣ ತುಂಡು ಮಾಡಿ ಹಾಕಿ ಅಂತ ಇದೆ. ಅರ್ಧ ಜಾರಿಗಿಂತ ಜಾಸ್ತಿ ಹಾಕಬೇಡಿ ಅಂತಾನೂ ಇದೆ. ಕನ್ನಡದ ಕಡೆ ಅದಿಲ್ಲ. ಗಟ್ಟಿ ಅನ್ನೋದು ಇಂಗ್ಲಿಷಲ್ಲಿ ಇಲ್ಲವೇ ಇಲ್ಲ. ಕನ್ನಡ ಬರೆದೋಳು ನಾನು. ಜಾಗ ಸಾಲಲಿಲ್ಲ ಅಂತ ಆ ಸಣ್ಣ ಅಕ್ಷರದ ಸಾಲನ್ನ ನಾನೇ ತೆಗೆದೆ."

ಆಕೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಗಟ್ಟಿ ಅಂತ ಬರಿಯಕೆ ಜಾಗ ಇತ್ತಾ?"

ನಾನು ಕರಪತ್ರವನ್ನು ಮತ್ತೆ ಕನ್ನಡದ ಬದಿಗೆ ತಿರುಗಿಸಿದೆ.

ಯಜಮಾನರು ನನ್ನನ್ನು ಗೋಡೌನಿನ ಬಾಗಿಲ ಹತ್ತಿರ ಕರೆದರು. "ಯಾಕ್ ಹೇಳೋಕೆ ಹೋದ್ರಿ ಮೇಡಂ? ನಾಳೆ ಉಳಿದೋರೆಲ್ಲ ಇದೇ ಕಾಗದ ಹಿಡ್ಕೊಂಡು ಬರ್ತಾರೆ. ನಿಮ್ಮ ಕೆಲಸಾನೂ ಹೋಗುತ್ತೆ, ನನ್ನ ಅಂಗಡೀನೂ ಹೆಸರು ಕೆಡ್ಸ್ಕೊಳುತ್ತೆ."

"ಅವರು ಬರೋದೇ ಸರಿ ಅಲ್ವಾ ಸಾರ್?"

ಅವರು ಒಳಗೆ ಹೋದರು. ಬರುವಾಗ ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಮಿಕ್ಸಿಯ ಜಾರು ಅವರ ಕೈಯಲ್ಲಿತ್ತು. ಪಕ್ಕದ ದಿನಸಿ ಅಂಗಡಿಯಿಂದ ಎರಡು ಗಿಟುಕು ಕೊಬ್ಬರಿ ತರಿಸಿದರು.

"ಹೆಂಗ್ ಹಾಕ್ಬೇಕು ತೋರಿಸ್ಬಿಡು" ಎಂದು ಮೆಕ್ಯಾನಿಕ್ಕಿಗೆ ಹೇಳಿದರು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಮಿಕ್ಸಿಗೆ ಕೊಬ್ಬರಿ ಹಾಕಿ ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಮನೆಯಲ್ಲಿ ನಮ್ಮದು ಹಳೆಯ ಮಿಕ್ಸಿ, ಕೊಬ್ಬರಿಗೆ ತುರಿಮಣೆ. ಮೆಕ್ಯಾನಿಕ್ ಹೆಬ್ಬೆರಳ ಗಾತ್ರಕ್ಕೆ ಹೆಚ್ಚಿ ಹಾಕಿದ. ಜಾರು ಕಟಕಟ ಎಂದು ಒಮ್ಮೆ ಸಿಕ್ಕಿಕೊಂಡಿತು. ಆಕೆ ಅವನ ಕೈಯಿಂದ ಚಾಕು ತೆಗೆದುಕೊಂಡು ತಾವೇ ಹೆಚ್ಚಿದರು, ಬೇಗ ಬೇಗ, ಒಂದೇ ಸಮ.

"ಅಡಿಕೆ ಅಷ್ಟು ಇದ್ರೆ ಸಾಕು" ಎಂದರು.

ಈ ಸಲ ಸಲೀಸಾಗಿ ತಿರುಗಿತು. ಆದರೆ ಮೆಕ್ಯಾನಿಕ್ ಮಾತಾಡುತ್ತಾ ಸ್ವಿಚ್ ಆರಿಸುವುದು ತಡವಾಗಿ ಪುಡಿ ಎಣ್ಣೆ ಬಿಟ್ಟುಕೊಂಡು ಜಾರಿನ ಒಳಮೈಗೆ ಮೆತ್ತಿಕೊಂಡಿತು. ಮೂರನೆಯ ಸಲ ಬಿಟ್ಟು ಬಿಟ್ಟು ತಿರುಗಿಸಿದ. ಹಿಟ್ಟಿನಂತಲ್ಲದಿದ್ದರೂ ಉಂಡೆಗೆ ಬೇಕಾದ ತರಿತರಿ ಪುಡಿ ಬಂತು. ಆಕೆ ಚಿಟಿಕೆ ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರು.

ನಾನು ಕರಪತ್ರದ ಹಿಂದೆಯೇ ಬರೆದುಕೊಳ್ಳಲು ಪೆನ್ನು ತೆಗೆದೆ. "ಅಮ್ಮ, ಮನೇಲಿ ಸೊಸೆಗೆ ಇದನ್ನ ಹೇಳಿಕೊಡಬೇಕಾದ್ರೆ ಹೆಂಗ್ ಹೇಳ್ತೀರಿ?"

"ಏನೈತೆ ಹೇಳಾಕೆ? ಅಡಿಕೆ ಅಷ್ಟು ಸಣ್ಣಗೆ ಹೆಚ್ಚು, ಅರ್ಧ ಜಾರಿನ ಮ್ಯಾಲೆ ಹಾಕ್ಬ್ಯಾಡ, ವಸಿ ತಿರುಗ್ಸು ವಸಿ ನಿಲ್ಸು. ನಿಂತೋದ್ರೆ ಬಡ್ಕಬ್ಯಾಡ, ಅಡೀಲಿ ಕೆಂಪು ಗುಂಡಿ ಐತೆ, ಒತ್ತು ಅಂತೀನಿ."

ಅಂದು ಯಜಮಾನರು ತೋರಿಸಲು ಇಟ್ಟಿದ್ದ ಆ ಜಾರನ್ನೇ ಅವರಿಗೆ ಕೊಟ್ಟು ಕಳಿಸಿದರು. ಬಾಣಂತಿ ಕಾಯುತ್ತಾಳೆಯೇ ಎಂದರು. ಬಸ್ ನಿಲ್ದಾಣದವರೆಗೆ ನಾನು ಜೊತೆಗೆ ಹೋದೆ. ದಾರಿಯಲ್ಲಿ ಆಕೆ ಮಗಳ ಹೆರಿಗೆ, ಮೊಮ್ಮಗುವಿನ ಕೂದಲು, ಈ ಸಲದ ಮೇವು ಇದನ್ನೇ ಮಾತಾಡಿದರು. ಚಿಕ್ಕನಾಯಕನಹಳ್ಳಿ ಬಸ್ಸು ಹತ್ತುವಾಗ ತಿರುಗಿ ಹೇಳಿದರು: "ಬರೆಯೋರು ನೀವು. ನಾವು ಓದಿ ನಂಬ್ತೀವಿ ಕಣವ್ವ. ನೋಡ್ಕಂಡ್ ಬರೀರಿ."

ಮನೆಗೆ ಬಂದು ಏಜೆನ್ಸಿಗೆ ಮೇಲ್ ಬರೆದೆ. ನಡೆದದ್ದನ್ನು ನಡೆದಂತೆ ಬರೆದೆ. ಗಟ್ಟಿ ನನ್ನ ಸೇರ್ಪಡೆ, ಎಚ್ಚರಿಕೆಯ ಸಾಲು ತೆಗೆದದ್ದು ನಾನು, ಆದ್ದರಿಂದ ಆ ಮೂರು ಜಾರುಗಳನ್ನು ಗ್ರಾಹಕರ ತಪ್ಪೆಂದು ಎಣಿಸಬಾರದು ಎಂದೆ. ಕಳಿಸುವ ಗುಂಡಿ ಒತ್ತುವ ಮುಂಚೆ ಎದ್ದು ಹೋಗಿ ನೀರು ಕುಡಿದು ಬಂದೆ.

ಹುಡುಗಿ ಮಾರನೆಯ ದಿನ ಫೋನ್ ಮಾಡಿದಳು. ದನಿ ಸಣ್ಣದಾಗಿತ್ತು.

"ಮ್ಯಾಮ್, ನೀವು ಇದನ್ನ ಮೊದಲು ನಂಗೆ ಫೋನಲ್ಲಿ ಹೇಳ್ಬೋದಿತ್ತು. ಈಗ ರೈಟಿಂಗಲ್ಲಿ ಇದೆ, ನಾನು ಕ್ಲೈಂಟ್‌ಗೆ ಕಳಿಸ್ಲೇಬೇಕು."

"ಕಳಿಸಮ್ಮ."

"ಬ್ಯಾಕ್ ಟ್ರಾನ್ಸ್‌ಲೇಶನ್ನಲ್ಲಿ ಗಟ್ಟಿಗೆ 'ಹಾರ್ಡ್' ಅಂತ ಬಂದಿತ್ತು. ನಾನೂ ನೋಡಿ ಬಿಟ್ಟಿದ್ದೆ. ಬರೀ ನಿಮ್ಮದಲ್ಲ ಮ್ಯಾಮ್."

ಅವಳು ಹಾಗೆ ಹೇಳಬೇಕಾದ್ದಿರಲಿಲ್ಲ. ಹೇಳಿದಳು. ಅದನ್ನು ನಾನು ಮರೆತಿಲ್ಲ.

ಕರಪತ್ರಕ್ಕೂ ಗಿರಾಕಿಗಳ ಮೊಬೈಲಿಗೆ ಹೋಗುವ ಮೆಸೇಜಿಗೂ ಹೊಸ ಸಾಲುಗಳನ್ನು ಶೀಟಿನಲ್ಲಿ ತುಂಬಿ ಕಳಿಸಿದೆ. 'ಕೊಬ್ಬರಿಯನ್ನು ಅಡಿಕೆಯಷ್ಟು ಸಣ್ಣಗೆ ಹೆಚ್ಚಿ ಹಾಕಿ. ಅರ್ಧ ಜಾರಿಗಿಂತ ಹೆಚ್ಚು ಬೇಡ. ಮಿಕ್ಸಿ ನಿಂತರೆ ತಳದ ಕೆಂಪು ಗುಂಡಿ ಒತ್ತಿ.' ನಾಲ್ಕು ದಿನ ಬಿಟ್ಟು ಹುಡುಗಿಯಿಂದ ಮತ್ತೆ ಫೋನು.

"ಮ್ಯಾಮ್, ಕಂಪನಿಯ ಲೀಗಲ್‌ನವರು ಕೇಳ್ತಿದಾರೆ, ಮಿಕ್ಸಿಗೆ ಅಡಿಕೆ ಹಾಕಿ ಅಂತ ಯಾಕೆ ಹೇಳ್ತಿದೀವಿ ಅಂತ. ಬ್ಯಾಕ್ ಟ್ರಾನ್ಸ್‌ಲೇಶನ್ನಲ್ಲಿ ಅರೆಕಾ ನಟ್ ಅಂತ ಬಂದಿದೆ."

ಆ ದಿನಗಳಲ್ಲಿ ನಾನು ನಕ್ಕಿದ್ದು ಅದೊಂದೇ ಸಲ. ಅಡಿಕೆ ಇಲ್ಲಿ ಅಳತೆ, ಎಲ್ಲರ ಬೆರಳಿಗೂ ಗೊತ್ತಿರುವ ಗಾತ್ರ ಎಂದು ವಿವರಿಸಿದೆ. ಸೆಂಟಿಮೀಟರ್ ಹಾಕೋಣವೇ ಎಂದಳು. ಅಡುಗೆಮನೆಯಲ್ಲಿ ಯಾರ ಬಳಿ ಸ್ಕೇಲು ಇರುತ್ತದೆ ಎಂದೆ. ಮೆಸೇಜು ಎಪ್ಪತ್ತು ಅಕ್ಷರ ದಾಟುತ್ತಿದೆ, ಎರಡು ಮೆಸೇಜಿನ ಲೆಕ್ಕವಾಗುತ್ತದೆ ಎಂದಳು. ಈ ಸಲ ನಾನು ಕತ್ತರಿಸುವುದಿಲ್ಲ ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಕೊನೆಗೆ ಅಡಿಕೆ ಉಳಿಯಿತು, ಕರಪತ್ರದಲ್ಲಿ ಅದರ ಪಕ್ಕ ಹೆಚ್ಚಿದ ಕೊಬ್ಬರಿಯ ಚಿತ್ರ ಬಂತು. ಗಟ್ಟಿ ಹೋಯಿತು, ಗಳಿಗೆಯೂ ಹೋಯಿತು. ಮೆಸೇಜಿನ ಹೊಸ ಒಕ್ಕಣೆಯನ್ನು ಟೆಲಿಕಾಂ ಕಂಪನಿಯಲ್ಲಿ ಮತ್ತೆ ನೋಂದಾಯಿಸಿ ಒಪ್ಪಿಗೆ ಪಡೆಯಬೇಕಿತ್ತು. ಮೊದಲ ಸಲ ತಿರಸ್ಕಾರವಾಗಿ ಎರಡನೆಯ ಸಲಕ್ಕೆ ಸಿಕ್ಕಿತು. ಅಷ್ಟರಲ್ಲಿ ಇನ್ನೂ ಎರಡು ಜಾರು ಅಂಗಡಿಗೆ ವಾಪಸು ಬಂದಿದ್ದವು.

ಕಂಪನಿಯವರು ಐದೂ ಜಾರುಗಳನ್ನು 'ವಿಶೇಷ ಪ್ರಕರಣ' ಎಂದು ಬದಲಾಯಿಸಿಕೊಟ್ಟರು. ತಪ್ಪು ಯಾರದೆಂದು ಅವರ ಕಾಗದದಲ್ಲಿ ಎಲ್ಲೂ ಬರಲಿಲ್ಲ. ಹಟ್ಟಿಯ ಆ ತಾಯಿಗೆ ಹೊಸ ಜಾರು ಬಂದಾಗ ಬಾಣಂತನ ಮುಗಿದು ಮಗಳು ಗಂಡನ ಮನೆಗೆ ಹೊರಟಿದ್ದಳಂತೆ. ಅವರು ಅಂಗಡಿಯ ಜಾರನ್ನು ತೊಳೆದು, ಒರೆಸಿ, ಒಂದು ಡಬ್ಬಿ ಉಂಡೆಯ ಜೊತೆಗೆ ವಾಪಸು ಕೊಟ್ಟುಹೋಗಿದ್ದರು. ಯಜಮಾನರು ನನ್ನ ಪಾಲನ್ನು ಕಾಗದದಲ್ಲಿ ಕಟ್ಟಿಟ್ಟಿದ್ದರು.

ಅದಾದ ಮೇಲೆ ಏಜೆನ್ಸಿಯಿಂದ ನನಗೆ ಬಹಳ ದಿನ ಕೆಲಸ ಬರಲಿಲ್ಲ. ಗೀಸರಿನ ಕರಪತ್ರ ಬೇರೆ ಯಾರೋ ಬರೆದರು. ಅಂಗಡಿಯಲ್ಲಿ ನೋಡಿದೆ, ಚೆನ್ನಾಗಿಯೇ ಇತ್ತು. ನಾನು ಮತ್ತೆ ಲಗ್ನಪತ್ರಿಕೆ ಹಿಡಿದೆ. ಬೇಸರವಾಯಿತೇ ಎಂದರೆ ಆಯಿತು. ಮೇಲ್ ಬರೆಯಬಾರದಿತ್ತು ಎಂದು ಮಾತ್ರ ಅನ್ನಿಸಲಿಲ್ಲ.

ವಾಷಿಂಗ್ ಮೆಷೀನಿನ ಕೆಲಸಕ್ಕೆ ಆ ಹುಡುಗಿಯೇ ಮತ್ತೆ ಕರೆದಳು. ಶೀಟಿನಲ್ಲಿ ಒಂದು ಹೊಸ ಕಾಲಮ್ ಇತ್ತು: ಬಳಕೆಯ ಎಚ್ಚರಿಕೆ, ಎರಡೂ ಭಾಷೆಯಲ್ಲಿ ಕಡ್ಡಾಯ. ಅದನ್ನು ಸೇರಿಸಿದ್ದು ತಾನು ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನಾನು ಒಂದು ಷರತ್ತು ಹಾಕಿದೆ. ಬರೆದದ್ದನ್ನು ಕಳಿಸುವ ಮುಂಚೆ ಅಂಗಡಿಯಲ್ಲಿ ಒಂದು ದಿನ ಕೂತು, ಬಂದವರಿಂದ ಓದಿಸಿ ನೋಡುತ್ತೇನೆ, ಅದಕ್ಕೆ ಸಮಯ ಬೇಕು. ಒಪ್ಪಿದಳು.

ಮೊದಲ ದಿನ ತುರುವೇಕೆರೆಯ ಒಂದು ಅಂಗಡಿಯಲ್ಲಿ ಕೂತೆ. ತೋಟದ ಕೆಲಸ ಮುಗಿಸಿ ಐರನ್ ಬಾಕ್ಸ್ ರಿಪೇರಿಗೆ ಬಂದಿದ್ದ ಒಬ್ಬಾಕೆಗೆ ಹಾಳೆ ಕೊಟ್ಟೆ. ಎರಡನೆಯ ಸಾಲಿನಲ್ಲಿ ನಿಂತರು.

"ಶಕ್ತಿ ಉಳಿತಾಯ ಅಂದ್ರೇನ್ರೀ? ಯಾರ್ ಶಕ್ತಿ, ನಮ್ಮದಾ?"

"ಅಲ್ಲ, ಕರೆಂಟು ಕಮ್ಮಿ ಖರ್ಚಾಗುತ್ತೆ ಅಂತ."

"ಹಂಗಂತ ಬರೀರಿ ಮತ್ತೆ. ನಾನು ಬಟ್ಟೆ ಒಗ್ಯೋ ಶಕ್ತಿ ಅಂದ್ಕಂಡೆ."

ಶಕ್ತಿಯನ್ನು ಹೊಡೆದುಹಾಕಿ ಕರೆಂಟು ಎಂದು ಬರೆದೆ. ಆಕೆ ಮುಂದಿನ ಸಾಲಿಗೆ ಹೋದರು.